ಚೀನಾದೊಳಗೆ ವಿಮಾನ ಹತ್ತುವ ಮುನ್ನ ಪವರ್ ಬ್ಯಾಂಕ್ ತಿರುಗಿಸಿ ನೋಡಿ

ಬೆಂಗಳೂರಿನಿಂದ ಗುವಾಂಗ್‌ಝೌ ತಲುಪುವವರೆಗೆ ಯಾರೂ ತಕರಾರು ಮಾಡದ ನನ್ನ ಪವರ್ ಬ್ಯಾಂಕು, ಅಲ್ಲಿಂದ ಯಿವೂಗೆ ಹೊರಟಾಗ ಸೆಕ್ಯುರಿಟಿ ಚೆಕ್ಕಿನಲ್ಲೇ ಉಳಿಯಿತು. ಕೆಪ್ಯಾಸಿಟಿ ಜಾಸ್ತಿ ಇತ್ತು ಅಂತಲ್ಲ. ಅದು 20,000 ಎಂಎಎಚ್‌ನದು. ಒಳಗಿನ ಸೆಲ್ಲಿನ ವೋಲ್ಟೇಜ್ 3.7. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್ ಅವರ್ ಬರುತ್ತದೆ. 100ರವರೆಗೆ ಕೈಚೀಲದಲ್ಲಿ ಒಯ್ಯಬಹುದು, 100ರಿಂದ 160ರವರೆಗಿನದಕ್ಕೆ ಏರ್‌ಲೈನ್ ಒಪ್ಪಿಗೆ ಬೇಕು, ಅದರ ಮೇಲಿನದು ಬಿಡುವುದಿಲ್ಲ. ನನ್ನದು ಎಲ್ಲ ಲೆಕ್ಕಕ್ಕೂ ಸರಿಯಾಗಿತ್ತು.

ಇಲ್ಲದಿದ್ದದ್ದು ಒಂದು ಗುರುತು ಮಾತ್ರ. ಮೂರು ಇಂಗ್ಲಿಷ್ 'ಸಿ' ಅಕ್ಷರಗಳು ಒಂದರೊಳಗೊಂದು ಕೂತಂತಿರುವ ಚೀನಾದ ಸರ್ಟಿಫಿಕೇಟ್ ಚಿಹ್ನೆ ಅದು. ಅದು ಇಲ್ಲದ, ಅಳಿಸಿಹೋದ, ಅಥವಾ ಕಂಪನಿಯೇ ವಾಪಸ್ ಕರೆದ ಮಾಡೆಲ್‌ನ ಪವರ್ ಬ್ಯಾಂಕುಗಳನ್ನು 2025ರ ಜೂನ್ 28ರಿಂದ ಚೀನಾದ ಒಳನಾಡಿನ ವಿಮಾನಗಳಲ್ಲಿ ನಿಷೇಧಿಸಿದ್ದಾರೆ. ನಮ್ಮೂರಲ್ಲಿ ಕೊಂಡ ಪವರ್ ಬ್ಯಾಂಕಿನ ಮೇಲೆ ಬಿಐಎಸ್ ಗುರುತಿದ್ದರೂ ಅಲ್ಲಿ ಲೆಕ್ಕಕ್ಕಿಲ್ಲ. ಟಿಕೆಟ್ ಮಾಡಿಕೊಟ್ಟ ಏಜೆಂಟ್ ವೀಸಾ, ಹೋಟೆಲ್ಲು ಎಲ್ಲ ಹೇಳಿದ್ದ, ಇದನ್ನು ಮಾತ್ರ ಹೇಳಿರಲಿಲ್ಲ. ಸಿಟ್ಟು ಬಂದದ್ದು ಅದಕ್ಕೇ. ಚೀನಾದಲ್ಲಿ ದುಡ್ಡು ಕೊಡುವುದು, ಟ್ಯಾಕ್ಸಿ ಕರೆಯುವುದು, ಮಾತು ಅನುವಾದಿಸುವುದು ಎಲ್ಲವೂ ಫೋನಿನಲ್ಲೇ. ಚಾರ್ಜ್ ಮುಗಿದರೆ ಒಂದು ಲೋಟ ಚಹಾ ಕುಡಿಯುವುದೂ ಕಷ್ಟ.

ನನ್ನನ್ನು ಕಾಪಾಡಿದ್ದು ಯಿವೂದ ಒಂದು ಲಾನ್‌ಝೌ ನೂಡಲ್ಸ್ ಅಂಗಡಿ. ನಾಲ್ಕೇ ಮೇಜು. ಹಿಟ್ಟನ್ನು ಎಳೆದೆಳೆದು ಕಣ್ಣೆದುರೇ ಎಳೆ ಮಾಡಿ ಕುದಿಯುವ ನೀರಿಗೆ ಬಿಡುತ್ತಾರೆ. ಮಾಂಸ ತಿನ್ನದವರಿಗೆ ಟೊಮೆಟೊ-ಮೊಟ್ಟೆಯ ನೂಡಲ್ಸ್ ಇದೆ. ಖಾರದೆಣ್ಣೆ ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು. ಮಾಲ್‌ನ ರೆಸ್ಟೋರೆಂಟಿನಲ್ಲಿ ಕೊಟ್ಟ ದುಡ್ಡಿಗೆ ಇಲ್ಲಿ ಇಬ್ಬರು ಹೊಟ್ಟೆ ತುಂಬಾ ತಿನ್ನಬಹುದು. ಬಾಗಿಲ ಪಕ್ಕದಲ್ಲೇ ಬಾಡಿಗೆ ಪವರ್ ಬ್ಯಾಂಕಿನ ಪೆಟ್ಟಿಗೆಯೂ ಇತ್ತು. ಅಲ್ಲಿ ದುಡ್ಡು ಕೊಡಲು ಬಳಸುವ ಅಲಿಪೇ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಹೊರಗೆ ಬರುತ್ತದೆ, ಆ ಕಂಪನಿಯ ಬೇರೆ ಪೆಟ್ಟಿಗೆಯಲ್ಲೂ ವಾಪಸ್ ಇಡಬಹುದು. ಇಂಥ ಪೆಟ್ಟಿಗೆಗಳು ಊರೆಲ್ಲ ಇವೆ. ಹಾಗಾಗಿ ಚೀನಾದ ಒಳನಾಡಿನ ವಿಮಾನ ಇದ್ದವರು ನಮ್ಮೂರಿಂದ ಹಳೆಯ ಪವರ್ ಬ್ಯಾಂಕ್ ಹೊತ್ತುಕೊಂಡು ಹೋಗಲೇಬೇಡಿ. ಬೇಕೇ ಬೇಕೆಂದರೆ ಅಲ್ಲೇ ಗುರುತು ನೋಡಿ ಕೊಳ್ಳಿ.

ಎಲ್ಲಿಗೆ ಹೋದರೂ ಪವರ್ ಬ್ಯಾಂಕನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕುವಂತಿಲ್ಲ. ತಲೆಯ ಮೇಲಿನ ಲಗೇಜ್ ಗೂಡಿಗೂ ಹಾಕಬೇಡಿ. 2025ರ ಜನವರಿಯಲ್ಲಿ ಬುಸಾನ್‌ನ ಗಿಮ್ಹೇ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನ ಸುಟ್ಟಾಗ ಬೆಂಕಿ ಶುರುವಾದದ್ದು ಆ ಗೂಡಿನಲ್ಲೇ. ಹತ್ತಿರವಿದ್ದರೆ ಬಿಸಿಯಾದದ್ದು, ಊದಿಕೊಂಡದ್ದು ಕೈಗೇ ಗೊತ್ತಾಗುತ್ತದೆ, ತಕ್ಷಣ ಸಿಬ್ಬಂದಿಯನ್ನು ಕರೆಯಬಹುದು. ಮನೆಯಲ್ಲೇ ಊದಿಕೊಂಡಿದ್ದರೆ ಒಯ್ಯಲೇಬೇಡಿ.

ಕ್ಯಾಮೆರಾದ ಬಿಡಿ ಬ್ಯಾಟರಿಗಳಿಗೆ ನನಗೆ ಎಲ್ಲೂ ತೊಂದರೆ ಆಗಲಿಲ್ಲ. ಅವುಗಳ ಲೋಹದ ತುದಿಗೆ ಟೇಪ್ ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೆ. ಬೀಗದ ಕೈ, ಚಿಲ್ಲರೆ ಇರುವ ಜೇಬಿಗೆ ಹಾಗೇ ಹಾಕಿದರೆ ಎರಡು ತುದಿಗೂ ಲೋಹ ತಾಗಿ ಶಾರ್ಟ್ ಆಗುತ್ತದೆ. ಟೇಪ್ ಇಲ್ಲದಿದ್ದರೆ ಬ್ಯಾಟರಿ ಜೊತೆ ಬಂದ ಪ್ಲಾಸ್ಟಿಕ್ ಮುಚ್ಚಳವೇ ಸಾಕು.