ಸಾಲ 9%ಗೆ ಸಿಕ್ಕರೆ 11% ಕೊಡುವ ವಿಸ್ತರಣೆ ಲಾಭವಲ್ಲವೇ?

"ಬ್ಯಾಂಕ್ 9%ಗೆ ಸಾಲ ಕೊಡ್ತಿದೆ, ಹೊಸ ಘಟಕ 11% ದುಡಿಯುತ್ತೆ. ಹಾಗಾದ್ರೆ ಕಟ್ಟೋದೇ ಸರಿ ಅಲ್ವಾ?"

ಅಲ್ಲ. ಬ್ಯಾಂಕ್ 9%ಗೆ ಒಪ್ಪಿದ್ದು ಹೊಸ ಘಟಕವನ್ನು ನೋಡಿಯಲ್ಲ, ಅದರ ಹಿಂದೆ ನಿಂತ ಮಾಲೀಕರ ಹಣವನ್ನು ನೋಡಿ. ನಷ್ಟವಾದರೆ ಮೊದಲು ಕರಗುವುದು ಆ ಹಣವೇ. ಅದಕ್ಕೂ ಬೆಲೆ ಇದೆ, ಬಡ್ಡಿ ಚೀಟಿ ಬರುವುದಿಲ್ಲ ಅಷ್ಟೇ.

ಒಂದು ಲೆಕ್ಕ ಹಾಕೋಣ. ಕಂಪನಿಯ ಸಾಲ 60. ಲೆಕ್ಕಪುಸ್ತಕದಲ್ಲಿ ಮಾಲೀಕರ ಬಂಡವಾಳ 40, ಆದರೆ ಷೇರುಗಳ ಇಂದಿನ ಮಾರುಕಟ್ಟೆ ಮೌಲ್ಯ 120. ತೆರಿಗೆ 25%, ಬಡ್ಡಿಗೆ ತೆರಿಗೆ ವಿನಾಯಿತಿ ಇರುವುದರಿಂದ ಸಾಲದ ನಿಜವಾದ ವೆಚ್ಚ 6.75%. ಷೇರುದಾರರ ನಿರೀಕ್ಷೆಗೆ ಅಪಾಯವಿಲ್ಲದ ದರ 7%, ಮಾರುಕಟ್ಟೆಯ ಹೆಚ್ಚುವರಿ ಪ್ರತಿಫಲ 6%, ಮಾರುಕಟ್ಟೆಯ ಏರಿಳಿತಕ್ಕೆ ಷೇರು ಎಷ್ಟು ಅಲುಗುತ್ತದೆ ಎಂಬ ಅಳತೆಯಾದ ಬೀಟಾ 1.2 ಎಂದಿಟ್ಟುಕೊಂಡರೆ 7 + 1.2 × 6, ಅಂದರೆ 14.2%. ಷೇರು ಪಟ್ಟಿಯಲ್ಲಿಲ್ಲದ ಕಂಪನಿಯಾದರೆ ಅದೇ ಉದ್ಯಮದ ಪಟ್ಟಿಯಲ್ಲಿರುವ ಕಂಪನಿಗಳ ಬೀಟಾ ತೆಗೆದುಕೊಂಡು, ಅವುಗಳ ಸಾಲದ ಪ್ರಭಾವ ಕಳೆದು, ನಮ್ಮ ಸಾಲದ ಪ್ರಮಾಣಕ್ಕೆ ಹೊಂದಿಸಬೇಕು.

ಎಡವುವುದು ಮುಂದಿನ ಹೆಜ್ಜೆಯಲ್ಲಿ, ಈ ಎರಡು ವೆಚ್ಚಗಳ ಸರಾಸರಿ ತೆಗೆಯುವಾಗ. ಘಟಕದ ಆದಾಯ ದಾಟಬೇಕಾದ ಗೆರೆ ಆ ಸರಾಸರಿಯೇ. ಎದುರಿಗೆ ಬ್ಯಾಲೆನ್ಸ್ ಶೀಟ್ ಇದೆಯಲ್ಲ ಅಂತ 40:60 ತೂಕ ಹಾಕಿಬಿಡುತ್ತೇವೆ. ನಾನೂ ಶುರುವಿನಲ್ಲಿ ಹಾಗೇ ಮಾಡಿದವನು. ಆಗ ಸರಾಸರಿ 9.7%. ಮಾರುಕಟ್ಟೆ ಮೌಲ್ಯದ ಪ್ರಕಾರ 120:60 ಹಾಕಿದರೆ 11.7%. ಇಂದಿನ ಹೂಡಿಕೆದಾರ ಪ್ರತಿಫಲ ಬಯಸುವುದು ತನ್ನ ಷೇರಿನ ಇಂದಿನ ಬೆಲೆಯ ಮೇಲೆ, ಹಿಂದೆಂದೋ ಪುಸ್ತಕದಲ್ಲಿ ಬರೆದ ಮೊತ್ತದ ಮೇಲಲ್ಲ. ಹಾಗಾಗಿ ಎರಡನೆಯದೇ ಸರಿ.

ಈಗ ಘಟಕ: ಹೂಡಿಕೆ 100, ತೆರಿಗೆ ಕಳೆದ ಮೇಲೆ ವರ್ಷಕ್ಕೆ 17ರಂತೆ 10 ವರ್ಷ. ಹೂಡಿದ 100 ಕೂಡ ಇದರಲ್ಲೇ ವಾಪಸಾಗಬೇಕಾದ್ದರಿಂದ ಆದಾಯ ದರ ಸುಮಾರು 11%. ಈ 17ರಲ್ಲಿ ಬಡ್ಡಿ ಕಳೆಯಬೇಡಿ. ಬಡ್ಡಿ ಆಗಲೇ ಆ ಸರಾಸರಿ ವೆಚ್ಚದೊಳಗಿದೆ, ಎರಡು ಸಲ ಕಳೆದಂತಾಗುತ್ತದೆ. 9.7%ನಲ್ಲಿ ಈ ಹರಿವಿನ ಇಂದಿನ ಮೌಲ್ಯ ಸುಮಾರು 106, ಕಟ್ಟಬಹುದು ಅನಿಸುತ್ತದೆ. 11.7%ನಲ್ಲಿ 97, ಅಂದರೆ 3 ನಷ್ಟ. ಬೇರೆಯದೇ ಅಪಾಯದ ಹೊಸ ಉತ್ಪನ್ನವಾದರೆ 11.7 ಕೂಡ ಅಳತೆಗೋಲಲ್ಲ. ಆ ಉದ್ಯಮದ ಬೀಟಾ ಹುಡುಕಬೇಕು.

ಆದರೆ 11.7 ಕಲ್ಲಿನಲ್ಲಿ ಕೊರೆದ ಸಂಖ್ಯೆಯೇನಲ್ಲ. ಮಾರುಕಟ್ಟೆಯ ಹೆಚ್ಚುವರಿ ಪ್ರತಿಫಲವನ್ನು 6%ರ ಬದಲು 5% ಹಿಡಿದರೆ ಸರಾಸರಿ 10.9%, 7% ಹಿಡಿದರೆ 12.5%. ನಮ್ಮ 11% ಈ ಎರಡರ ನಡುವೆ ಸಿಕ್ಕಿಕೊಂಡಿದೆ. ಇಂಥ ಹೊತ್ತಲ್ಲಿ ಬೀಟಾದ ದಶಾಂಶಕ್ಕೆ ಜಗಳವಾಡುವ ಬದಲು ನಾನು ಆ 17ನ್ನು ಕೆದಕುತ್ತೇನೆ. ಅದು 18 ಆದರೆ ಆದಾಯ ದರ 12.4%, 16 ಆದರೆ 9.6%. ಯಂತ್ರಗಳು ಎಷ್ಟು ಪಾಳಿ ಓಡುತ್ತವೆ, ಹೆಚ್ಚಿದ ಸರಕು ಅದೇ ಬೆಲೆಗೆ ಖರ್ಚಾಗುತ್ತದೆಯೇ ಎಂದು ಉತ್ಪಾದನೆ ಮತ್ತು ಮಾರಾಟದವರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕೇಳುತ್ತೇನೆ.