ದೊಡ್ಡ ಬೆಕ್ಕು ಮನೆಗೆ ಬಂದ ಮೊದಲ ವಾರ

"ಶೆಲ್ಟರ್‌ನಿಂದ ದೊಡ್ಡ ಬೆಕ್ಕೊಂದನ್ನು ದತ್ತು ತಗೋಬೇಕು ಅಂತಿದ್ದೀವಿ. ಅಲ್ಲಿ ಏನೇನು ಕೇಳಬೇಕು? ಮೊದಲ ವಾರ ಹೇಗೆ ನೋಡ್ಕೋಬೇಕು?"

ಲಸಿಕೆ, ಸಂತಾನಹರಣ ಆಪರೇಷನ್ ವಿವರ ಶೆಲ್ಟರ್ ಕೊಡುವ ಕಾರ್ಡಿನಲ್ಲೇ ಇರುತ್ತೆ, ಅದನ್ನು ಇಸ್ಕೊಳ್ಳಿ. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಬೆಕ್ಕಿನಿಂದ ಬೆಕ್ಕಿಗೆ ಹರಡುವ ಎಫ್‌ಐವಿ, ಎಫ್‌ಇಎಲ್‌ವಿ ವೈರಸ್‌ಗಳ ರಕ್ತಪರೀಕ್ಷೆ ಆಗಿದೆಯಾ ಅಂತಲೂ ಕೇಳಿ. ಉಳಿದದ್ದನ್ನು ಅದಕ್ಕೆ ದಿನಾ ಊಟ ಹಾಕುವವರ ಹತ್ತಿರ ಕೇಳಬೇಕು. ಹಿಂದಿನ ಮನೆಯವರು ಯಾಕೆ ಬಿಟ್ಟರು? ಮನೆಯೆಲ್ಲಾ ಉಚ್ಚೆ ಮಾಡುತ್ತಿತ್ತು ಅಂತ ಬಿಟ್ಟಿದ್ದರೆ, ಅದು ಮೂತ್ರಕೋಶದ ತೊಂದರೆಯೂ ಆಗಿರಬಹುದು. ಡಾಕ್ಟರಿಗೆ ತೋರಿಸಿದ್ದರಾ ಅಂತ ತಿಳ್ಕೊಳ್ಳಿ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಊಟದ್ದು. ಈಗ ಏನು ತಿನ್ನುತ್ತಿದೆ, ಎಷ್ಟು ತಿನ್ನುತ್ತಿದೆ, ಮೊದಲಿನ ಮನೆಯಲ್ಲಿ ಏನು ಹಾಕುತ್ತಿದ್ದರು? ಹೊಸ ಜಾಗದಲ್ಲಿ ಬೆಕ್ಕು ಹೆದರಿ ಊಟ ಬಿಡುತ್ತೆ. "ಹಸಿವಾದರೆ ತಾನೇ ತಿನ್ನುತ್ತೆ" ಅಂತ ಕಾಯುವುದು ಅಪಾಯ. ಕೆಲವು ದಿನ ಏನೂ ತಿನ್ನದಿದ್ದರೆ ಮೈಯಲ್ಲಿನ ಕೊಬ್ಬು ಲಿವರ್‌ನಲ್ಲಿ ತುಂಬಿಕೊಂಡು ಜೀವಕ್ಕೇ ಕುತ್ತು ಬರಬಹುದು. ದಪ್ಪ ಬೆಕ್ಕುಗಳಿಗೆ ಈ ಭಯ ಜಾಸ್ತಿ.

ನನ್ನ ಗೆಳತಿಯೊಬ್ಬರು ಐದು ವರ್ಷದ ಹೆಣ್ಣು ಬೆಕ್ಕನ್ನು ತಂದಿದ್ದರು. ಬಂದವಳೇ ಮಂಚದ ಕೆಳಗೆ ಸೇರಿಕೊಂಡಳು. ಅಂಗಡಿಯಿಂದ ತಂದ ಹೊಸ ಡ್ರೈ ಫುಡ್ ಮೂಸಿಯೂ ನೋಡಲಿಲ್ಲ. ಮರುದಿನ ಶೆಲ್ಟರ್‌ಗೆ ಫೋನ್ ಮಾಡಿದಾಗ, ಹಳೆ ಮನೆಯಲ್ಲಿ ಬೇಯಿಸಿದ ಮೀನು ಕೊಡುತ್ತಿದ್ದರು ಅಂತ ಗೊತ್ತಾಯಿತು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿ, ಮುಳ್ಳು ತೆಗೆದು, ಉಗುರುಬೆಚ್ಚಗೆ ಮಂಚದ ಕೆಳಗೇ ಇಟ್ಟರು. ಬಿಸಿಗೆ ವಾಸನೆ ಚೆನ್ನಾಗಿ ಬರುತ್ತೆ ನೋಡಿ, ಮನೆಯವರು ಮಲಗಿದ ಮೇಲೆ ತಿಂದಳು. ಆಮೇಲೆ ಶೆಲ್ಟರ್‌ನಲ್ಲಿ ಕೊಡುತ್ತಿದ್ದ ಡ್ರೈ ಫುಡ್ಡನ್ನೇ ಸ್ವಲ್ಪ ಸ್ವಲ್ಪ ಸೇರಿಸಿದರು. ಹೊಸ ಬ್ರ್ಯಾಂಡಿಗೆ ಬದಲಾಯಿಸುವುದನ್ನು ಆ ವಾರ ಮುಟ್ಟಲೇ ಇಲ್ಲ. ಅದು ಸರಿಯಾದ ನಿರ್ಧಾರ.

ಮೊದಲ ವಾರಕ್ಕೆ ಒಂದೇ ಕೋಣೆ ಸಾಕು. ಕಿಟಕಿಗೆ ಜಾಲರಿ ಇರಲಿ. ಬೆಕ್ಕು ಅಡಗಿಕೊಳ್ಳಲು ಒಂದು ರಟ್ಟಿನ ಡಬ್ಬ ಇಡಿ, ಒಂದು ಮೂಲೆಯಲ್ಲಿ ಊಟ ನೀರು, ದೂರದ ಮೂಲೆಯಲ್ಲಿ ಉಚ್ಚೆ ಕಕ್ಕಕ್ಕೆ ಲಿಟರ್ ಟ್ರೇ. ಅದಕ್ಕೆ ತುಂಬುವ ಲಿಟರ್ ಕೂಡ ಶೆಲ್ಟರ್‌ನಲ್ಲಿ ಬಳಸುತ್ತಿದ್ದದ್ದೇ ಆಗಲಿ. ಎಳೆದು ಹೊರಗೆ ತರಬೇಡಿ. ಸುಮ್ನೆ ನೆಲದ ಮೇಲೆ ಕೂತು ಏನಾದರೂ ಓದುತ್ತಿರಿ, ಅದಾಗಿಯೇ ಬಂದು ಮೂಸಲಿ. ಅಡಗಿಕೊಂಡೇ ಇದ್ದರೂ, ಬೆಳಿಗ್ಗೆ ತಟ್ಟೆ ಖಾಲಿಯಾಗಿ ಟ್ರೇ ಒದ್ದೆಯಾಗಿದ್ದರೆ ಗಾಬರಿ ಬೇಡ.

ಇಡೀ ದಿನ ಒಂದು ತುತ್ತೂ ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಎರಡನೇ ದಿನಕ್ಕೆ ಕಾಯಬೇಡಿ. ಜಾಗ ಬದಲಾದ ಒತ್ತಡಕ್ಕೆ ಹಳೆಯ ಹರ್ಪಿಸ್ ವೈರಸ್ ಮತ್ತೆ ಎದ್ದು ಸೀನು, ಕಣ್ಣಲ್ಲಿ ನೀರು ಬರುವುದುಂಟು. ಮೂಗು ಕಟ್ಟಿದರೆ ವಾಸನೆ ತಿಳಿಯದೆ ಊಟ ಬಿಡುತ್ತೆ, ಆಗಲೂ ತೋರಿಸಬೇಕು. ಗಂಡು ಬೆಕ್ಕು ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕುತ್ತಾ, ಉಚ್ಚೆ ಮಾತ್ರ ಬರದಿದ್ದರೆ ರಾತ್ರಿಯಾದರೂ ಸರಿ, ಆಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.