"ರೂಮಲ್ಲಿ ಒಬ್ಬರೇ ಇದ್ದೀರಾ?"

ಮಂಗಳವಾರದಿಂದ ಈ ಒಂದು ಪ್ರಶ್ನೆ ತಲೆಯಿಂದ ಹೋಗ್ತಾನೇ ಇಲ್ಲ. ಪೊಲೀಸರ ಹೆಸರಲ್ಲಿ ಹೆದರಿಸಿ ದುಡ್ಡು ಕೀಳುವ ಕಾಲ್‌ಗಳ ಬಗ್ಗೆ ನನಗೆ ಗೊತ್ತಿರಲಿಲ್ಲ ಅಂತಲ್ಲ. ಅತ್ತೆಗೆ ನಾನೇ ಎರಡು ಸಲ ಬುದ್ಧಿ ಹೇಳಿದ್ದೆ. ಆದರೂ ಇಪ್ಪತ್ತೈದು ನಿಮಿಷ ಲೈನಲ್ಲಿದ್ದೆ.

ಮೊದಲು ಮಾತಾಡಿದ್ದು ಕೊರಿಯರ್‌ನವಳು. ನನ್ನ ಹೆಸರಿನ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆಯಂತೆ, ಒಳಗೆ ಪಾಸ್‌ಪೋರ್ಟ್‌ಗಳು, ಡ್ರಗ್ಸ್. ನಾನು ಕಳಿಸಿಲ್ಲ ಅಂದೆ. ಅವಳು ವಾದವನ್ನೇ ಮಾಡಲಿಲ್ಲ. "ಅಯ್ಯೋ, ಹಾಗಾದ್ರೆ ನಿಮ್ಮ ಆಧಾರ್ ಯಾರೋ ಮಿಸ್‌ಯೂಸ್ ಮಾಡಿದ್ದಾರೆ ಮೇಡಂ, ಪೊಲೀಸರಿಗೆ ನಾನೇ ಲೈನ್ ಕೊಡ್ತೀನಿ" ಅಂದಳು. ನಂಬರನ್ನೂ ಸರಿಯಾಗಿ ಓದಿದಳು. ಆಧಾರ್ ಜೆರಾಕ್ಸ್ ನಾವು ಎಲ್ಲೆಲ್ಲಿ ಕೊಟ್ಟಿಲ್ಲ ಹೇಳಿ? ಆದರೆ ಆ ಹೊತ್ತಿಗೆ ಅದು ಹೊಳೀಬೇಕಲ್ಲ. ನನ್ನ ಪರವಾಗಿ ಯಾರೋ ಇದ್ದಾರೆ ಅನ್ನಿಸಿಬಿಟ್ಟಿತು. ಇಡೀ ಆಟದಲ್ಲಿ ಜಾಣೆ ಅವಳೇ, ಆಮೇಲೆ ಬಂದ ಮೀಸೆಯವನಲ್ಲ.

ಅವನು ವಾಟ್ಸಾಪ್ ವಿಡಿಯೋದಲ್ಲಿ ಬಂದ. ಖಾಕಿ, ಹಿಂದೆ ಬಾವುಟ. ಮೊದಲು ಕೇಳಿದ್ದೇ ಆ ಪ್ರಶ್ನೆ. ಬಾಗಿಲು ಹಾಕಿಸಿದ. ಮನೆಯವರಿಗೆ ಹೇಳಿದರೆ ಅವರ ಮೇಲೂ ಕೇಸ್ ಅಂದ. ಹತ್ತು ನಿಮಿಷದೊಳಗೆ ನಾನು ದೂರು ಕೊಡುವವಳಲ್ಲ, ಆರೋಪಿ. ನನ್ನ ಆಧಾರ್‌ನಲ್ಲಿ ಯಾರೋ ಖಾತೆ ತೆರೆದು ಕಪ್ಪುಹಣ ಸಾಗಿಸಿದ್ದಾರಂತೆ. ಒಂದು ಸಲ ಗದರುತ್ತಿದ್ದ, ಮರುಕ್ಷಣ "ನೀವು ಒಳ್ಳೆ ಮನೆತನದವರು, ನಾನು ಉಳಿಸ್ತೀನಿ" ಅನ್ನುತ್ತಿದ್ದ. ಕೊನೆಗೆ ಎಫ್‌ಡಿ ಎಷ್ಟಿದೆ ಅಂತ ಕೇಳಿದ. ದುಡ್ಡನ್ನೆಲ್ಲ ಆರ್‌ಬಿಐ ಪರಿಶೀಲನೆಗೆ ಒಂದು ಖಾತೆಗೆ ಹಾಕಬೇಕು, ಸಂಜೆ ವಾಪಸ್ ಬರುತ್ತೆ ಅಂದ.

ಅಷ್ಟರಲ್ಲಿ ನಮ್ಮನೆಯವರು ಬಾಗಿಲು ತಳ್ಳಿಕೊಂಡು ಬಂದು, "ಯಾರದು?" ಅಂದರು. ಫೋನಲ್ಲಿದ್ದವನು ಕಿರುಚಿದ: "ಅವರನ್ನ ಹೊರಗೆ ಕಳಿಸಿ!" ಆ ದನಿಯಲ್ಲಿ ಗಾಬರಿ ಇತ್ತು. ನಿಜವಾದ ಪೊಲೀಸ್ ನನ್ನ ಗಂಡನಿಗೆ ಯಾಕೆ ಹೆದರಬೇಕು? ಕಟ್ ಮಾಡಿದೆ.

ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅವನ ನಂಬರ್ ಕೊಟ್ಟೆವು. ನನ್ನ ದುಡ್ಡು ಹೋಗಿರಲಿಲ್ಲ. ದುಡ್ಡು ಕಳಕೊಂಡವರು ಮಾತ್ರ ನಾಚಿಕೊಂಡು ಒಂದು ದಿನ ಸುಮ್ನೆ ಕೂರಬಾರದು, ಯಾಕಂದ್ರೆ ಅದು ಖಾತೆಯಿಂದ ಖಾತೆಗೆ ದಾಟಿ ಕೈತಪ್ಪುವ ಮುಂಚೆ ಹೇಳಿದರೇನೇ ಬ್ಯಾಂಕಿನವರು ತಡೆಹಿಡಿಯೋಕೆ ಹೆಚ್ಚು ಅವಕಾಶ. ವಿಡಿಯೋದಲ್ಲಿ ಅರೆಸ್ಟ್ ಮಾಡೋದು ಅನ್ನೋದು ಯಾವ ಕಾನೂನಲ್ಲೂ ಇಲ್ಲ. ಇದೂ ನನಗೆ ಮೊದಲೇ ಗೊತ್ತಿತ್ತು.

ರಾತ್ರಿ ನಮ್ಮನೆಯವರು ಒಂದು ಮಾತು ಹೇಳಿದರು. ಅವನು ಕಿರುಚುವ ಮುಂಚೆಯೇ ನಾನು ಕೈಸನ್ನೆ ಮಾಡಿ ಅವರನ್ನು ಹೊರಗೆ ಹೋಗಿ ಅಂದಿದ್ದೆನಂತೆ.